ಬೆಂಡೆಕಾಯಿ ಲೋಳೆಯ ಹಾಗೆ ಕಂಡ ದಿನವೇ ಓವ್ಯುಲೇಷನ್ನಾ? ಗೊತ್ತಿದ್ದವರು ಹೇಳಿ

ಸಂಪಿಗೆ: ನನಗೆ 29. ಮಗುವಿಗಾಗಿ ಪ್ರಯತ್ನ ಮಾಡ್ತಾ ಐದು ತಿಂಗಳಾಯ್ತು. ಪಿರಿಯಡ್ಸ್ 31ರಿಂದ 35 ದಿನಕ್ಕೊಮ್ಮೆ ಬರುತ್ತೆ. ಮೆಡಿಕಲ್ ಸ್ಟೋರಿಂದ ಓವ್ಯುಲೇಷನ್ ಸ್ಟ್ರಿಪ್ ತಂದು 12ರಿಂದ 16ನೇ ದಿನದವರೆಗೆ ನೋಡಿದೆ, ಐದೂ ನೆಗೆಟಿವ್. ಜೊತೆಗೆ ಬಿಳಿ ಹೋಗೋದನ್ನೂ ಬರೆದಿಟ್ಟೆ. 1–5 ಬ್ಲೀಡಿಂಗ್, 6–10 ಏನೂ ಇಲ್ಲ, 11–13 ಅಂಟಂಟು, 14–16 ಬೆಳ್ಳಗೆ ಕ್ರೀಮಿನ ಥರ, 17 ತೆಳ್ಳಗೆ, 18 ತುಂಬಾ ಜಾಸ್ತಿ, ಬೆಂಡೆಕಾಯಿ ಲೋಳೆಯ ಹಾಗೆ, 19 ಕಮ್ಮಿ, 20 ಕಣ್ಣಿಗೇನೂ ಕಾಣಲಿಲ್ಲ ಆದರೆ ಒರೆಸಿದಾಗ ಜಾರ್ತಿತ್ತು, 21 ಮತ್ತೆ ಅಂಟು, ಆಮೇಲೆ ಒಣ. 34ನೇ ದಿನಕ್ಕೆ ಪಿರಿಯಡ್ಸ್ ಬಂತು. ಹಾಗಾದ್ರೆ 18ನೇ ದಿನ ಓವ್ಯುಲೇಷನ್ ಅಂತ ತಿಳ್ಕೊಬಹುದಾ? ಯಾವ ದಿನಗಳು ಮುಖ್ಯ?

ನರ್ಸಕ್ಕ: ನೀವು ಬರೆದ ಸಾಲಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು 20ನೇ ದಿನದ ಮಾತು, "ಕಾಣಲಿಲ್ಲ ಆದರೆ ಜಾರ್ತಿತ್ತು" ಅಂತ. ಹೆಚ್ಚಿನವರು ಅದನ್ನ ಬರೆಯೋದೇ ಇಲ್ಲ. ಎಷ್ಟು ಬಂತು ಅನ್ನೋದನ್ನ ಇಲ್ಲಿ ಲೆಕ್ಕಕ್ಕೆ ಹಿಡಿಯೋದಿಲ್ಲ. ಜಾರುವಿಕೆ ಯಾವತ್ತು ಕೊನೆಯಾಯ್ತು ಅಂತ ನೋಡೋದು. ಆ ಕೊನೆಯ ದಿನಕ್ಕೆ ಪೀಕ್ ದಿನ ಅಂತಾರೆ. ನಿಮ್ಮದು 20.

ಯಾಕೆ ಅಂದ್ರೆ, ಅಂಡಾಶಯದಲ್ಲಿ ಅಂಡದ ಗುಳ್ಳೆ ಬೆಳೀತಾ ಹೋದಂತೆ ಈಸ್ಟ್ರೋಜನ್ ಏರುತ್ತೆ. ಅದು ಗರ್ಭಕಂಠದ ಲೋಳೆಗೆ ನೀರು ತುಂಬಿಸುತ್ತೆ. ಮೊದಲು ಮೈದಾ ಅಂಟಿನ ಹಾಗೆ ಇದ್ದದ್ದು ಕ್ರೀಮಿನ ಹಾಗಾಗಿ, ಆಮೇಲೆ ತಿಳಿಯಾಗಿ ಎಳೆ ಬರುತ್ತೆ. ಅಂಡ ಬಿಡುಗಡೆಯ ಆಸುಪಾಸಿನಲ್ಲಿ ಪ್ರೊಜೆಸ್ಟರಾನ್ ಶುರುವಾಗಿ ಒಂದೇ ದಿನದಲ್ಲಿ ಅದನ್ನ ಗಟ್ಟಿ ಮಾಡಿಬಿಡುತ್ತೆ. ಏರೋದು ನಿಧಾನ, ಇಳಿಯೋದು ದಿಢೀರ್. ನಿಮ್ಮ 20ರಿಂದ 21ಕ್ಕೆ ಆಗಿರೋದು ಅದೇ. ಓವ್ಯುಲೇಷನ್ ಸಾಮಾನ್ಯವಾಗಿ ಪೀಕ್ ದಿನ ಅಥವಾ ಅದರ ಒಂದೆರಡು ದಿನ ಹಿಂದೆಮುಂದೆ ಇರುತ್ತೆ. ಲೋಳೆ ನೋಡಿ ಇಷ್ಟು ಹೇಳಬಹುದು, ಇಂಥ ಗಂಟೆಗೆ ಅಂತ ಹೇಳೋಕಾಗಲ್ಲ.

ಹಿಂದಿನಿಂದ ಎಣಿಸಿ ನೋಡಿದ್ರೂ ಸರಿಹೋಗುತ್ತೆ. 21ರಿಂದ 33ರವರೆಗೆ 13 ದಿನ, ಓವ್ಯುಲೇಷನ್ ಆದ ಮೇಲಿನ ಭಾಗಕ್ಕೆ ಅದು ಸಹಜವಾದ ಉದ್ದ. ನಿಮ್ಮ ಸ್ಟ್ರಿಪ್ ಕೆಟ್ಟಿರಲಿಲ್ಲ, ನೀವು ಬೇಗ ಶುರುಮಾಡಿ ಬೇಗ ಮುಗಿಸಿದ್ರಿ, ಅಷ್ಟೇ.

ಭದ್ರಾತೀರ: ತಂಗಿ, ಇಷ್ಟು ದಿನ ಬಿಳಿ ಹೋಗುತ್ತೆ ಅಂದ್ರೆ ಮೈ ಸೋತಿದೆ ಅಂತ ಅರ್ಥ. ಸೊಂಟನೋವೂ ಇರುತ್ತೆ. ಮೊದಲು ಅದನ್ನ ನಿಲ್ಲಿಸಿಕೊಳ್ಳಿ. ಶತಾವರಿ ಪುಡಿ ಹಾಲಲ್ಲಿ ಹಾಕಿ ಕುಡೀರಿ.

ಧಾರವಾಡದಾಕಿ: ಅಕ್ಕಾರ, ಆಕಿ ಕೇಳಿದ್ದು ರೋಗದ ಬಿಳಿ ಸೆರಗಿನ ಮಾತಲ್ರೀ. ತಿಂಗಳಿಗೊಮ್ಮೆ ಬಂದು ತಾನ ಹೋಗೋ ಲೋಳಿ ಇದು, ಇದನ್ನ ನಿಲ್ಲಿಸಬ್ಯಾಡ್ರಿ. ಮೊಸರು ಒಡೆದಂಗ ಗಡ್ಡಿ ಗಡ್ಡಿ ಆಗಿ ತುರಿಕಿ ಬಂದ್ರ, ಮೀನಿನ ವಾಸನಿ ಹೊಡದ್ರ, ಹಸರು ಬಣ್ಣ ಆದ್ರ, ಉರಿ ಇದ್ರ ಅದು ಸೋಂಕು. ಅಂಥಾ ತಿಂಗಳ ಬರೆದಿಟ್ಟಿದ್ದನ್ನ ನಂಬಾಕ ಬರೂದಿಲ್ಲ, ಡಾಕ್ಟರ್ ಕಡೆ ಹೋಗಿ ವಾಸಿ ಮಾಡ್ಕೊಂಡು ಮುಂದಿನ ತಿಂಗಳ ಹೊಸದಾಗಿ ನೋಡ್ಬೇಕು.

ಕಾಫಿಹೂ: ನರ್ಸಕ್ಕ ಹೇಳಿದ್ದು ಸರಿ, ಜಾರೋದು ನಿಂತಾಗ ಅಂಡ ಹೊರಬರುತ್ತೆ. ಹಾಗಾಗಿ ಸಂಪಿಗೆಯವರು ಜಾರುವ ದಿನಗಳಲ್ಲಿ ಸುಮ್ಮನಿದ್ದು, 21ರಿಂದ ಮೂರು ದಿನ ಸೇರಿದ್ರೆ ಸಾಕು. ವೀರ್ಯವೂ ಅಲ್ಲಿಯವರೆಗೆ ಕೂಡಿಟ್ಟ ಹಾಗಾಗುತ್ತೆ.

ನರ್ಸಕ್ಕ: ಕಾಫಿಹೂ, ಮೊದಲರ್ಧ ಸರಿ, ಎರಡನೇ ಅರ್ಧದಲ್ಲಿ ತಿಂಗಳೇ ಕೈತಪ್ಪುತ್ತೆ. ಅಂಡ ಹೊರಬಂದ ಮೇಲೆ ಬದುಕೋದು 12ರಿಂದ 24 ಗಂಟೆ. ಒಳ್ಳೆಯ ಲೋಳೆ ಇದ್ದರೆ ವೀರ್ಯಾಣು ಐದು ದಿನದವರೆಗೂ ಕಾದಿರಬಲ್ಲದು. ಲೋಳೆ ಗಟ್ಟಿಯಾದ ಮೇಲೆ ಅದಕ್ಕೆ ಒಳಗೆ ದಾರಿಯೇ ಇಲ್ಲ. ಅಮೆರಿಕದಲ್ಲಿ 221 ಹೆಂಗಸರನ್ನ ದಿನದಿನವೂ ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭ ನಿಂತದ್ದೆಲ್ಲ ಓವ್ಯುಲೇಷನ್ ದಿನ ಮತ್ತು ಅದರ ಹಿಂದಿನ ಐದು ದಿನಗಳಲ್ಲಿ ಸೇರಿದ್ದರಿಂದಲೇ. ಮಾರನೇ ದಿನದಿಂದ ಒಂದೂ ಇಲ್ಲ.

ಹಾಗಾಗಿ ಸಂಪಿಗೆ, ಆ ತಿಂಗಳ ಲೆಕ್ಕದಲ್ಲಿ 14ಕ್ಕೆ ಕ್ರೀಮಿನ ಹಾಗೆ ಕಂಡಾಗ ಬಾಗಿಲು ತೆರೆಯಿತು. 17ರಿಂದ 20 ಅತಿ ಮುಖ್ಯ. ಮುಂದಿನ ತಿಂಗಳು ಇದೇ ತಾರೀಕು ಹಿಡಿಯಬೇಡಿ. 31 ದಿನದ ತಿಂಗಳಲ್ಲಿ ಎಲ್ಲವೂ ಎರಡು ಮೂರು ದಿನ ಮುಂಚೆ ಬರಬಹುದು. ಒದ್ದೆ ಶುರುವಾದಾಗಿನಿಂದ ದಿನ ಬಿಟ್ಟು ದಿನ, ಎಳೆ ಕಂಡಮೇಲೆ ಆಗೋದಾದ್ರೆ ದಿನಾ. ಪೀಕ್ ಇವತ್ತೇ ಅಂತ ಅವತ್ತು ಗೊತ್ತಾಗಲ್ಲ, ಮಾರನೇ ದಿನ ಲೋಳೆ ಮಾಯವಾದಾಗಲೇ ಗೊತ್ತಾಗೋದು. ಅದಕ್ಕೆ ಕಾಯ್ತಾ ಕೂತರೆ ತಡವಾಯ್ತು.

ಸಂಪಿಗೆ: ಓ, ನಾವು ಕಾಯ್ತಾನೇ ಇದ್ವಿ. ಇನ್ನೊಂದು ಅನುಮಾನ. ನಾವು ನೀರಲ್ಲಿ ತೊಳೆಯೋರು, ನೀರು ಹಾಕಿದ ಮೇಲೆ ಯಾವುದು ಲೋಳೆ ಯಾವುದು ನೀರು ಅಂತ ಗೊತ್ತಾಗಲ್ಲ. ಸೇರಿದ ಮಾರನೇ ದಿನವೂ ಜಾರುತ್ತೆ.

ನರ್ಸಕ್ಕ: ತೊಳೆಯೋಕೆ ಮುಂಚೆ, ಮೂತ್ರಕ್ಕೂ ಮುಂಚೆ ನೋಡಬೇಕು. ಬಣ್ಣ, ವಾಸನೆ ಇಲ್ಲದ ಬಿಳಿ ಟಿಶ್ಯೂ ಮಡಿಸಿ ಮುಂದಿನಿಂದ ಹಿಂದಕ್ಕೆ ಒಮ್ಮೆ ಒರೆಸಿ. ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತೆ. ಟಿಶ್ಯೂ ತಡೆದು ನಿಂತಿತಾ, ಮೆತ್ತಗೆ ಹೋಯ್ತಾ, ಸರ್ರನೆ ಜಾರಿತಾ. ಆಮೇಲೆ ಅದರ ಮೇಲಿದ್ದದ್ದನ್ನ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನಿಧಾನ ಬಿಡಿಸಿ, ಸಕ್ಕರೆ ಪಾಕದ ಎಳೆ ನೋಡ್ತೀವಲ್ಲ, ಹಾಗೇ. ಅಂಟು ಲೋಳೆ ಚೂರು ಎಳೆಯುವಷ್ಟರಲ್ಲೇ ತುಂಡಾಗುತ್ತೆ, ಬೆರಳ ಮೇಲೆ ಮೊನೆ ಮೊನೆಯಾಗಿ ನಿಲ್ಲುತ್ತೆ. ಕ್ರೀಮಿನಂಥದ್ದು ಹರಡುತ್ತೆ, ಎಳೆ ಬರಲ್ಲ. ಒಳ್ಳೆಯ ದಿನದ್ದು ಇಂಚಿಗೂ ಮೀರಿ ಎಳೆಯುತ್ತೆ, ಗಾಜಿನ ನೂಲಿನ ಹಾಗೆ ತಿಳಿಯಾಗಿರುತ್ತೆ. ಪುಸ್ತಕಗಳಲ್ಲಿ ಮೊಟ್ಟೆಯ ಬಿಳಿ ಅಂತ ಬರೀತಾರೆ. ಮೊಟ್ಟೆ ಮುಟ್ಟದವರು ದಾಸವಾಳದ ಎಲೆ ನೀರಲ್ಲಿ ಹಿಸುಕಿದಾಗ ಬರೋ ಲೋಳೆ ನೆನೆಸಿಕೊಳ್ಳಿ.

ದಿನಕ್ಕೆ ಮೂರು ನಾಲ್ಕು ಸಲ ಸಾಕು. ಮಲವಿಸರ್ಜನೆ ಆದಮೇಲೆ ನೋಡಲೇಬೇಕು, ಮುಕ್ಕಿದಾಗ ಮೇಲಿದ್ದ ಲೋಳೆ ಇಳಿದು ಬರುತ್ತೆ. ರಾತ್ರಿ ಮಲಗೋವಾಗ ಒಂದೇ ಒಂದು ಸಲ ಬರೀರಿ. ಬೆಳಗ್ಗೆಯಿಂದ ಅಂಟಿದ್ದು ಸಂಜೆ ಒಮ್ಮೆ ಜಾರಿದ್ರೂ ಆ ದಿನಕ್ಕೆ "ಜಾರು" ಅಂತಲೇ. ಒಳಉಡುಪಿನ ಕಲೆ ನೋಡಿ ತೀರ್ಮಾನ ಮಾಡಬೇಡಿ, ಒಣಗಿದ ಮೇಲೆ ಎಲ್ಲವೂ ಒಂದೇ ಥರ ಗಂಜಿ ಹಾಕಿದ ಬಟ್ಟೆಯಂತಾಗುತ್ತೆ.

ಸೇರಿದ ಮಾರನೇ ದಿನ ವೀರ್ಯ ಇಳೀತಾ ಇರುತ್ತೆ. ಅದು ನೀರುನೀರು, ಎಳೆದ್ರೆ ಬೇಗ ಕಡಿಯುತ್ತೆ. ಸಂದೇಹ ಬಂದ್ರೆ ಲೋಟದ ನೀರಲ್ಲಿ ಅದ್ದಿ. ವೀರ್ಯ ಕದಡಿ ಹೋಗುತ್ತೆ, ಲೋಳೆ ಸಾಮಾನ್ಯವಾಗಿ ಉಂಡೆಯಾಗಿ ಉಳಿಯುತ್ತೆ. ಆಗಲೂ ತಿಳಿಯದಿದ್ರೆ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ. ಊಹೆ ಮಾಡಿ ತುಂಬಿಸಬೇಡಿ.

ಕಡಲತಡಿ: ನನಗೆ ಪಿಸಿಒಡಿ, 45ರಿಂದ 60 ದಿನ. ಎಳೆ ಬರುವ ಲೋಳೆ ಒಂದೇ ಸೈಕಲ್‌ನಲ್ಲಿ ಮೂರು ಸಲ ಬಂದು ಹೋಗುತ್ತೆ. ಮೂರು ಸಲ ಓವ್ಯುಲೇಷನ್ ಆಗ್ತದಾ? ಸ್ಟ್ರಿಪ್ ಮಾತ್ರ ಯಾವಾಗ ನೋಡಿದ್ರೂ ಎರಡು ಗೆರೆ ತೋರಿಸ್ತದೆ.

ಲ್ಯಾಬ್ ಮಂಜು: ಮೂರು ಸಲ ಆಗಲ್ಲ. ಗುಳ್ಳೆ ಬೆಳೆಯೋಕೆ ಶುರುವಾಗಿ ಈಸ್ಟ್ರೋಜನ್ ಏರುತ್ತೆ, ಅಂಡ ಬಿಡದೆ ಅಲ್ಲೇ ನಿಲ್ಲುತ್ತೆ, ಲೋಳೆ ಹೋಗುತ್ತೆ. ಸ್ವಲ್ಪ ದಿನಕ್ಕೆ ಮತ್ತೆ ಶುರು. ಲೋಳೆ ತೋರಿಸೋದು ದೇಹ ತಯಾರಾಗ್ತಿರೋದನ್ನ ಮಾತ್ರ, ಅಂಡ ಬಂತು ಅನ್ನೋದಕ್ಕೆ ಅದು ಸಾಕ್ಷಿಯಲ್ಲ. ಸ್ಟ್ರಿಪ್ ಹುಡುಕೋದು ಎಲ್‌ಎಚ್ ಅನ್ನೋ ಹಾರ್ಮೋನನ್ನ, ಪಿಸಿಒಡಿಯಲ್ಲಿ ಅದು ಕೆಲವರಿಗೆ ಯಾವಾಗಲೂ ಮೇಲೇ ಇರುತ್ತೆ, ಅದಕ್ಕೆ ಸ್ಟ್ರಿಪ್ ಮೋಸ ಮಾಡುತ್ತೆ. ಬೆಳಗ್ಗೆ ಏಳುವ ಮುಂಚಿನ ಉಷ್ಣತೆ 0.2 ಡಿಗ್ರಿ ಸೆಲ್ಸಿಯಸ್‌ನಷ್ಟಾದ್ರೂ ಏರಿ ಮೂರು ದಿನ ಮೇಲೇ ನಿಂತಿದ್ರೆ ಆಗಿರಬಹುದು ಅನ್ನಬಹುದು. ಗಟ್ಟಿ ಉತ್ತರ ಬೇಕಂದ್ರೆ ಫಾಲಿಕ್ಯುಲರ್ ಸ್ಟಡಿ ಸ್ಕ್ಯಾನ್, ಇಲ್ಲಾ ಪ್ರೊಜೆಸ್ಟರಾನ್ ರಕ್ತಪರೀಕ್ಷೆ.

ಆ ರಕ್ತಪರೀಕ್ಷೆಗೆ ಎಲ್ಲರೂ 21ನೇ ದಿನಕ್ಕೇ ಬರ್ತಾರೆ. ಅದು 28 ದಿನದವರ ಲೆಕ್ಕ. ಸಂಪಿಗೆಯವರು ಆ ತಿಂಗಳು 21ಕ್ಕೆ ಕೊಟ್ಟಿದ್ರೆ ಪೀಕ್‌ನ ಮಾರನೇ ದಿನವೇ ಆಗ್ತಿತ್ತು, ಕಡಿಮೆ ಬಂದು ಸುಮ್ಮನೆ ಹೆದರಿಕೊಳ್ತಿದ್ರು. ಪೀಕ್ ಆಗಿ ಏಳು ದಿನಕ್ಕೆ, ಅಂದ್ರೆ 27ರ ಸುಮಾರಿಗೆ ಕೊಡಬೇಕಿತ್ತು. ಸ್ಟ್ರಿಪ್ ವಿಷಯದಲ್ಲೂ ಲೋಳೆಯೇ ಕ್ಯಾಲೆಂಡರ್. ಕ್ರೀಮಿನಂಥದ್ದು ತೆಳ್ಳಗಾಗೋಕೆ ಶುರುವಾದ ದಿನ ಮೊದಲ ಸ್ಟ್ರಿಪ್ ಹಾಕಿ. ಪಾಸಿಟಿವ್ ಬಂದ್ರೆ ಸಾಮಾನ್ಯವಾಗಿ 24ರಿಂದ 36 ಗಂಟೆಯೊಳಗೆ ಓವ್ಯುಲೇಷನ್.

ಧಾರವಾಡದಾಕಿ: ಇನ್ನೊಂದು ಮಾತು ಯಾರೂ ಹೇಳಿಲ್ಲ. ಕ್ಲೋಮಿಫೀನ್ ಗುಳಿಗಿ ತಗೊಳ್ಳೋರಿಗೆ ಅಂಡ ಬೆಳದ್ರೂ ಲೋಳಿ ಒಣಗಬಹುದು, ಅದು ಈಸ್ಟ್ರೋಜನ್ ಕೆಲಸಾನ ತಡೀತೈತಿ. ಲೋಳಿ ಇಲ್ಲ, ಅಂದ್ರ ಅಂಡ ಇಲ್ಲ ಅಂತ ಆ ತಿಂಗಳ ಕೈಬಿಡಬ್ಯಾಡ್ರಿ, ಸ್ಕ್ಯಾನ್ ನೋಡ್ರಿ. ನೆಗಡಿ, ಅಲರ್ಜಿ ಗುಳಿಗಿನೂ ಕೆಲವರಿಗೆ ಒಣಗಸ್ತಾವು. ಒಣಾ ಅನ್ಸಿತು ಅಂತ ಎಣ್ಣಿ, ಅಂಗಡ್ಯಾಗಿನ ಜೆಲ್ ಹಚ್ಚಿದ್ರ ಲೋಳಿ ಯಾವದು ಜೆಲ್ ಯಾವದು ತಿಳಿಯೂದಿಲ್ಲ, ಭಾಳಷ್ಟು ಜೆಲ್ ವೀರ್ಯಾಣುಗಳ ಓಡಾಟಾನ ಕುಂದಿಸ್ತಾವು.

ಕಾಫಿಹೂ: ಒರೆಸಿ ನೋಡೋದಕ್ಕಿಂತ ಬೆರಳು ಒಳಗೆ ಹಾಕಿ ಗರ್ಭಕಂಠದ ಹತ್ತಿರದಿಂದಲೇ ತೆಗೆದು ನೋಡಿದ್ರೆ ಒಂದು ದಿನ ಮುಂಚೆಯೇ ಗೊತ್ತಾಗುತ್ತೆ ಅಂತ ಓದಿದ್ದೆ. ಲೋಳೆ ಕಮ್ಮಿ ಇರೋರಿಗೆ ಅದೇ ಒಳ್ಳೇದಲ್ವಾ?

ನರ್ಸಕ್ಕ: ನಾನು ಹೇಳಿಕೊಡಲ್ಲ. ಒಳಗೆ ಯಾವಾಗಲೂ ಒದ್ದೆಯೇ, ಹೊಸದಾಗಿ ಕಲಿಯೋರಿಗೆ "ಒಣ" ಅನ್ನೋ ದಿನವೇ ಸಿಗಲ್ಲ. ಮೆಲ್ಬರ್ನಿನ ಬಿಲ್ಲಿಂಗ್ಸ್ ದಂಪತಿಯ ಪದ್ಧತಿಯಲ್ಲೂ ಹೊರಗಿನ ಅನುಭವವೇ ಆಧಾರ. ಅದನ್ನ ವಿಶ್ವ ಆರೋಗ್ಯ ಸಂಸ್ಥೆ ಐದು ಕಡೆ ಪರೀಕ್ಷಿಸಿತ್ತು, ಅದರಲ್ಲಿ ನಮ್ಮ ಬೆಂಗಳೂರೂ ಒಂದು. 1981ರ ವರದಿಯ ಪ್ರಕಾರ ನೂರಕ್ಕೆ 93 ಹೆಂಗಸರು ಕಲಿತ ಮೊದಲ ಸೈಕಲ್‌ನಲ್ಲೇ ತಮ್ಮ ಲೋಳೆಯ ಏರಿಳಿತವನ್ನ ಅರ್ಥವಾಗುವಂತೆ ಬರೆದಿದ್ದರು.

ಲ್ಯಾಬ್ ಮಂಜು: ಇದರಲ್ಲಿ ನಾನು ಕಾಫಿಹೂ ಕಡೆ. ಎಷ್ಟೇ ಒರೆಸಿದ್ರೂ ಏನೂ ಸಿಗದವರಿದ್ದಾರೆ. ಕೈ ತೊಳೆದು, ಉಗುರು ಕತ್ತರಿಸಿ, ದಿನಾ ಒಂದೇ ರೀತಿ ನೋಡಿದ್ರೆ ಉಪಯೋಗ ಆಗುತ್ತೆ. ಎರಡನ್ನೂ ಬೆರೆಸಬಾರದು, ಅಷ್ಟೇ. ಒಂದು ದಿನ ಹೊರಗೆ ಒಂದು ದಿನ ಒಳಗೆ ಅಂತ ನೋಡಿದ್ರೆ ಪಟ್ಟಿ ಕೆಡುತ್ತೆ.

ನರ್ಸಕ್ಕ: ಸಿಗದೇ ಇದ್ದವರ ವಿಷಯದಲ್ಲಿ ಒಪ್ಪಬಹುದೇನೋ. ಸಂಪಿಗೆಗೆ ಹೊರಗೇ ಚೆನ್ನಾಗಿ ಸಿಕ್ಕಿದೆ, ಅವಳಿಗೆ ಬೇಡ.

ಸಂಪಿಗೆ: ಇವತ್ತು ನನಗೆ 13ನೇ ದಿನ. ಬೆಳಗ್ಗೆ ಟಿಶ್ಯೂ ತಡೆದು ನಿಲ್ತಿತ್ತು, ಈಗ ಸಂಜೆ ಮೆತ್ತಗೆ ಹೋಯ್ತು, ಬೆಳ್ಳಗಿದೆ, ಎಳೆ ಇಲ್ಲ. "ಕ್ರೀಮು" ಅಂತ ಬರೀಲಾ?

ನರ್ಸಕ್ಕ: ಹೌದು ಕಣಮ್ಮ, ಹಾಗೇ ಬರಿ. ಸ್ಟ್ರಿಪ್ ಇನ್ನೂ ತೆಗೀಬೇಡ. ದಿನ ಬಿಟ್ಟು ದಿನ ಅನ್ನೋದು ಇವತ್ತಿಂದ ಶುರು.