ಪದಚರ್ಚೆ: ನಿಗದಿತ ವರದಿಯಲ್ಲಿ ಮಾಹಿತಿ ಬಾರದಿದ್ದರೆ ಏನೆಂದು ಬರೆಯಬೇಕು? (ಸೋಮವಾರದೊಳಗೆ ಬೇಕು)

ಶುಭಾ:

ಎಲ್ಲರಿಗೂ ನಮಸ್ಕಾರ. ಒಂದು ಹಾಲು ಒಕ್ಕೂಟಕ್ಕೆ ದಿನದ ಶೇಖರಣೆ ವರದಿ ಮಾಡಿಕೊಡುತ್ತಿದ್ದೇನೆ. ಹಳ್ಳಿಯ ಸಂಘಗಳ ಯಂತ್ರಗಳಿಂದ ಬೆಳಗಿನ ಸರದಿಯ ಲೆಕ್ಕ ಸರ್ವರಿಗೆ ಬರುತ್ತದೆ. 9:30ಕ್ಕೆ ವರದಿ ತಾನಾಗಿ ತಯಾರಾಗಿ ವಿಸ್ತರಣಾಧಿಕಾರಿಗಳ ಫೋನಿಗೆ ಹೋಗುತ್ತದೆ. ಅವರು 10 ಗಂಟೆಗೆ ಅದನ್ನು ನೋಡಿಕೊಂಡೇ ಮಾರ್ಗಕ್ಕೆ ಹೊರಡುತ್ತಾರೆ.

ತೊಂದರೆ ಏನೆಂದರೆ, ನೆಟ್‌ವರ್ಕ್ ಇಲ್ಲದೆ ಯಾವುದೋ ಸಂಘದ ಲೆಕ್ಕ ಬಾರದಿದ್ದರೂ ಅದರ ಮುಂದೆ 0 ಲೀಟರ್ ಎಂದು ಬೀಳುತ್ತದೆ. ಅಧಿಕಾರಿ ಕಾರ್ಯದರ್ಶಿಗೆ ಫೋನ್ ಮಾಡಿ "ಯಾಕ್ರೀ ಹಾಲೇ ಬಂದಿಲ್ಲ?" ಎಂದು ಕೇಳುತ್ತಾರೆ. ಅಲ್ಲಿ ನೋಡಿದರೆ ಕ್ಯಾನ್ ತುಂಬಿ ಲಾರಿಯೂ ಹೊರಟಿರುತ್ತದೆ. ಇದನ್ನು ಸರಿಪಡಿಸುತ್ತಿದ್ದೇನೆ. ಸರ್ವರ್ ಉತ್ತರ ಕೊಡದಿದ್ದರೆ ಪ್ರೋಗ್ರಾಂ ಈಗ ತಾನೇ ಮತ್ತೆ ಮತ್ತೆ ಕೇಳುತ್ತದೆ, ಕೇಳಿದ್ದನ್ನೆಲ್ಲ ಬರೆದಿಡುತ್ತದೆ.

ಮೂರು ಮಾತು ಬೇಕು. ಹೀಗೆ ಮತ್ತೆ ಕೇಳುವುದಕ್ಕೆ, ಬರೆದಿಡುವ ಲಾಗಿಗೆ, ಮತ್ತು ಲೆಕ್ಕ ಬಾರದ ಸಂಘದ ಮುಂದೆ ಹಾಕುವ ಸೂಚನೆಗೆ. ಈಗ "ಮಾಹಿತಿ ಲಭ್ಯವಿಲ್ಲ" ಎಂದು ಹಾಕಿದ್ದೇನೆ, ಸಮಾಧಾನ ಇಲ್ಲ. ಕಾಲಂ ಚಿಕ್ಕದು, ಎರಡು ಮೂರು ಪದ ಹಿಡಿಸುತ್ತದೆ ಅಷ್ಟೇ.

ನರಹರಿ:

ಮತ್ತೆ ಕೇಳುವುದಕ್ಕೆ "ಮರುಮೊಗಸು". ಮೊಗಸು ಅಚ್ಚಗನ್ನಡ. ಯತ್ನ, ಪ್ರಯತ್ನ ಎರಡೂ ಸಂಸ್ಕೃತದವು, ಬೇಡ. "ಲಭ್ಯವಿಲ್ಲ"ವನ್ನು ಮೊದಲು ಕಿತ್ತುಹಾಕಿ. "ಸಿಗದು" ಎನ್ನಿ.

ಲಾಗ್ ಪದ ನಮಗೆ ಯಾಕೆ? ಹಡಗಿನ ವೇಗ ಅಳೆಯಲು ಹಗ್ಗ ಕಟ್ಟಿ ನೀರಿಗೆ ಎಸೆಯುತ್ತಿದ್ದ ಮರದ ತುಂಡು ಅದು. ಆ ಲೆಕ್ಕ ಬರೆದ ಪುಸ್ತಕಕ್ಕೂ ಅದೇ ಹೆಸರು ಬಂತು. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಪದ ಇದೆ, ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಚಿ, ಬಳಪದಲ್ಲಿ ದಿನದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇವೆ. ಆಯಾ ದಿನ ನಡೆದದ್ದನ್ನು ಸಾಲಾಗಿ ಬರೆದಿಡುವುದು ಎಂದರೆ ಅದೇ ಅಲ್ಲವೇ?

ಇಮ್ತಿಯಾಜ್:

ನರಹರಿ ಸರ್, ಕಡತ ಒಳ್ಳೆಯ ಪದವೇ, ಆದರೆ ಅದು ಖಾಲಿ ಇಲ್ಲ. ಎಲ್ಲ ಕಚೇರಿಯಲ್ಲೂ ಕಡತ ಎಂದರೆ ಫೈಲು. "ಕಡತದಲ್ಲಿ ನೋಡಿ" ಎಂದರೆ ಅಧಿಕಾರಿ ಕಪಾಟಿಗೆ ಹೋಗುತ್ತಾರೆ.

ಶುಭಾ ಅವರೇ, ಪದಕ್ಕಿಂತ ಮುಂಚೆ ಒಂದು ಮಾತು. ಆ 0 ಎಲ್ಲಿಂದ ಬರುತ್ತಿದೆ ಎಂದು ನೋಡಿದ್ದೀರಾ? ನಿಮ್ಮ ಕ್ವೆರಿಯಲ್ಲಿ ಹೀಗೊಂದು ಸಾಲು ಇರಬೇಕು:

```sql
SELECT s.name, COALESCE(SUM(c.litres), 0)
FROM society s
LEFT JOIN collection c
  ON c.society_id = s.id AND c.shift = '0614M'
GROUP BY s.name;
```

ಒಂದು ಸಾಲೂ ಬಾರದ ಸಂಘಕ್ಕೆ `SUM` ಕೊಡುವುದು `NULL`. ಅಂದರೆ ಡೇಟಾಬೇಸ್ "ಗೊತ್ತಿಲ್ಲ" ಎಂದು ಸರಿಯಾಗಿಯೇ ಹೇಳುತ್ತಿದೆ. `COALESCE` ಅದನ್ನು ಸೊನ್ನೆ ಮಾಡುತ್ತದೆ. ವರದಿ ಚೆನ್ನಾಗಿ ಕಾಣಲಿ ಎಂದು ಯಾರೋ ಹಾಕಿರುತ್ತಾರೆ. ಹಾಗೆಂದು ಸುಮ್ನೆ ಅದನ್ನು ತೆಗೆದರೆ ಸಾಲದು. ನಿಜವಾಗಿಯೂ ಹಾಲು ಹಾಕದ ದಿನವೂ ಸಾಲು ಬರುವುದಿಲ್ಲ, ಆಗಲೂ `NULL` ಬರುತ್ತದೆ. ಸರದಿ ಮುಗಿದಾಗ ಸಂಘದ ಯಂತ್ರ "ಸರದಿ ಮುಗಿಯಿತು, ಒಟ್ಟು ಇಷ್ಟು ಜನ" ಎಂದು ಬೇರೆ ಒಂದು ಸಾಲು ಕಳಿಸುತ್ತದೆಯೇ? ಆ ಸಾಲು ಬಂದಿದ್ದು ಜನ ಸೊನ್ನೆ ಇದ್ದರೆ ಮಾತ್ರ ನೀವು 0 ಎಂದು ಹೇಳಬಹುದು.

ಶುಭಾ:

ಕಳಿಸುತ್ತದೆ ಸರ್. ನಾವು ಅದನ್ನು ಬಿಲ್ಲಿಗೆ ಮಾತ್ರ ಬಳಸುತ್ತಿದ್ದೆವು. ನೀವು ಹೇಳಿದ ಮೇಲೆ ನಿನ್ನೆಯ ಲೆಕ್ಕದ ಜೊತೆ ಹೋಲಿಸಿದೆ. ಒಂದು ಸಂಘದಲ್ಲಿ ಮುಗಿದ ಸಾಲು 142 ಜನ ಎನ್ನುತ್ತಿದೆ, ಬಂದಿರುವುದು 97 ಜನರದ್ದು ಮಾತ್ರ. ವರದಿಯಲ್ಲಿ ಅದು ಮಾಮೂಲಿ ಅಂಕಿಯ ಹಾಗೆಯೇ ಕಾಣುತ್ತಿತ್ತು. ಸೊನ್ನೆಯಾದರೆ ಫೋನಾದರೂ ಮಾಡುತ್ತಾರೆ, ಇದನ್ನು ಯಾರೂ ಕೇಳುವುದೇ ಇಲ್ಲ. ಇದಕ್ಕೂ ಒಂದು ಪದ ಬೇಕು ಈಗ.

ಬಸವರಾಜ:

ಇಷ್ಟ್ಯಾಕ ತಲೆ ಕೆಡಿಸ್ಕೋತೀರಿ? "ಬಾಕಿ" ಅನ್ರಿ. ಎರಡಕ್ಷರ, ಕಾಲಮಿನ್ಯಾಗ ಹಿಡಸ್ತದ, ಎಲ್ಲಾರಿಗೂ ಗೊತ್ತು. ಲೆಕ್ಕ ಬಂದಿಲ್ಲ, ಬರೂದದ. ಅದಕ್ಕ ಬಾಕಿ.

ನರಹರಿ:

ಬಾಕಿ ಅರಬ್ಬೀ ಮೂಲದ್ದು. ಒಂದು ಎರವಲು ತೆಗೆದು ಇನ್ನೊಂದು ಎರವಲು ತರುವುದೇ?

ಬಸವರಾಜ:

ಹಂಗಾರ ಕಚೇರಿ, ತಾರೀಖು, ರಸೀದಿ, ಜಮಾ, ವಸೂಲಿ ಎಲ್ಲಾ ತೆಗೀರಿ. ಸಂಘದ ಲೆಕ್ಕದ ಪುಸ್ತಕದಾಗ ಏನು ಉಳೀತದ ನೋಡೋಣು.

ವಿಜಯಾ:

ಇಬ್ಬರೂ ಸ್ವಲ್ಪ ನಿಲ್ಲಿಸಿ. ಬಸವರಾಜ ಅವರು ಹೇಳಿದ್ದು ಅರ್ಧ ಸರಿ. ಬಾಕಿ ಎಂದರೆ ಇನ್ನೂ ಬರಬೇಕಾದದ್ದು, ಆ ಅರ್ಥ ಇಲ್ಲಿಗೆ ಹೊಂದುತ್ತದೆ. ಆದರೆ ಡೇರಿಯ ಲೆಕ್ಕದಲ್ಲಿ ಸಂಘದ ಹೆಸರಿನ ಮುಂದೆ "ಬಾಕಿ" ಕಂಡರೆ ಯಾರಾದರೂ ದುಡ್ಡು ಎಂದೇ ಓದುತ್ತಾರೆ. ಪಶು ಆಹಾರದ ಬಾಕಿಯೋ ಸಾಲದ ಬಾಕಿಯೋ ಎಂದು ಕಾರ್ಯದರ್ಶಿ ಹೆದರಿಕೊಳ್ಳುತ್ತಾನೆ.

ಈ ಅರ್ಥ ಹೇಳಲು ಹೊಸ ಪದ ಹುಡುಕಬೇಕಾಗಿಲ್ಲ. ಕನ್ನಡದ ಕ್ರಿಯಾಪದದಲ್ಲೇ ಅದು ಇದೆ. "ಬಂದಿಲ್ಲ" ಬೇರೆ, "ಬರಲಿಲ್ಲ" ಬೇರೆ. ಮದುವೆಮನೆಯಲ್ಲಿ "ಮಾವ ಬಂದಿಲ್ಲ" ಎಂದರೆ ದಾರಿ ನೋಡುತ್ತಿದ್ದೇವೆ, ಎಲೆ ಹಾಕುವುದು ತಡೆಯಿರಿ ಎಂದು. "ಮಾವ ಬರಲಿಲ್ಲ" ಎಂದರೆ ಆ ಮಾತು ಮುಗಿಯಿತು. ನಿಮ್ಮ ಪ್ರೋಗ್ರಾಂ ಇನ್ನೂ ಕೇಳುತ್ತಿರುವಾಗ "ಲೆಕ್ಕ ಬಂದಿಲ್ಲ". ಕೇಳಿ ಕೇಳಿ ನಿಲ್ಲಿಸಿದ ಮೇಲೆ "ಲೆಕ್ಕ ಬರಲಿಲ್ಲ". "ಲಭ್ಯವಿಲ್ಲ"ದಲ್ಲಿ ಈ ಎರಡೂ ಕಲಸಿಹೋಗುತ್ತವೆ. ಅದು ಸಂಸ್ಕೃತ ಎಂದಲ್ಲ, ಯಾವಾಗ ಎಂಬುದನ್ನೇ ಅದು ಹೇಳುವುದಿಲ್ಲ.

97 ಜನರದ್ದಕ್ಕೆ "ಅರೆ ಲೆಕ್ಕ". "ಭಾಗಶಃ" ಎಂದು ಬರೆದರೆ ಓದುವವರು ಒಂದು ಕ್ಷಣ ತಡವರಿಸುತ್ತಾರೆ.

ಗಣೇಶ:

ಮರುಯತ್ನದ ವಿಷಯಕ್ಕೆ ನನ್ನದೊಂದು. ನಮ್ಮ ಗ್ರಂಥಾಲಯದಿಂದ ಪುಸ್ತಕ ಹಿಂದಿರುಗಿಸಿ ಎಂದು ಎಸ್ಸೆಮ್ಮೆಸ್ ಹೋಗುತ್ತದೆ. ಒಂದು ದಿನ ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ಸಲ ಹೋಯಿತು. ಸಂದೇಶದ ಕಂಪನಿ ಸಂದೇಶ ಕಳಿಸಿತ್ತು, "ಕಳಿಸಿದೆ" ಎಂಬ ಉತ್ತರ ಮಾತ್ರ ನಮಗೆ ತಲುಪಲಿಲ್ಲ. ಪ್ರೋಗ್ರಾಂ ಹೋಗಲಿಲ್ಲ ಎಂದುಕೊಂಡು ಮತ್ತೆ ಕಳಿಸಿತು. ಹಾಗಾಗಿ ಮರುಯತ್ನವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಇಮ್ತಿಯಾಜ್:

ಗಣೇಶ್, ಅದು ಕಳಿಸುವ ಕಡೆಯ ತೊಂದರೆ. ಶುಭಾ ಅವರದ್ದು ತರಿಸಿಕೊಳ್ಳುವ ಕಡೆ. ಓದುವುದನ್ನು ಎಷ್ಟು ಸಲ ಮಾಡಿದರೂ ಏನೂ ಕೆಡುವುದಿಲ್ಲ. ಕಳಿಸುವುದಾದರೆ ಪ್ರತಿ ವರದಿಗೆ ಒಂದು ಗುರುತು ಕೊಟ್ಟು, ಕಳಿಸುವ ಮುಂಚೆ "ಇದು ಹೋಗಿದೆಯೇ" ಎಂದು ನೋಡಬೇಕು. ಆದರೂ ಉತ್ತರ ದಾರಿಯಲ್ಲೇ ಕಳೆದುಹೋದರೆ ನಮಗೆ ತಿಳಿಯುವುದಿಲ್ಲ. ಆ ಕಂಪನಿಯೇ ನಿಮ್ಮ ಗುರುತು ನೋಡಿ ಎರಡನೆಯದನ್ನು ತಡೆದರೆ ಮಾತ್ರ ಪೂರ್ತಿ ಭದ್ರ.

ಎಲ್ಲ ತಪ್ಪಿಗೂ ಮರುಯತ್ನ ಬೇಡ ಎಂಬುದು ಮಾತ್ರ ನಿಜ. ಸರ್ವರ್ ಉತ್ತರ ಕೊಡಲಿಲ್ಲ, ಅಥವಾ 503 ಎಂದಿತು, ಆಗ ಮತ್ತೆ ಕೇಳಬೇಕು. 401 ಎಂದರೆ ಪಾಸ್‌ವರ್ಡ್ ತಪ್ಪು, ಹತ್ತು ಸಲ ಕೇಳಿದರೂ ಅದೇ ಉತ್ತರ. ತಕ್ಷಣ ನಿಲ್ಲಿಸಿ ಯಾರಿಗಾದರೂ ಹೇಳಬೇಕು. ಶುಭಾ ಅವರೇ, ನಿಮ್ಮದು ಹೇಗಿದೆ?

ಶುಭಾ:

ಮೊದಲ ಸಲ ಉತ್ತರ ಬಾರದಿದ್ದರೆ 2 ನಿಮಿಷ, ಆಮೇಲೆ 4, ಆಮೇಲೆ 8 ನಿಮಿಷ ಕಾಯುತ್ತದೆ. ಒಟ್ಟು ನಾಲ್ಕು ಸಲ ಕೇಳುತ್ತದೆ. ಉತ್ತರಕ್ಕೆ ಕಾಯುವುದು 30 ಸೆಕೆಂಡ್. ಕೊನೆಯದ್ದು 9:46ಕ್ಕೆ ಮುಗಿಯುತ್ತದೆ. ಅಧಿಕಾರಿಗಳು ಹೊರಡುವುದು 10ಕ್ಕೆ, ಅದಕ್ಕಿಂತ ಜಾಸ್ತಿ ಕಾಯುವ ಹಾಗಿಲ್ಲ. ಇವತ್ತಿನದು ಹೀಗಿದೆ:

```
2025-06-14T09:30:30+05:30 run=0614M try=1 status=timeout wait=2m
2025-06-14T09:33:00+05:30 run=0614M try=2 status=timeout wait=4m
2025-06-14T09:37:06+05:30 run=0614M try=3 status=ok societies=118/121
```

ಮೂರನೇ ಸಲಕ್ಕೆ ಸರ್ವರ್ ಸಿಕ್ಕಿತು. ಆದರೆ ಮೂರು ಸಂಘದ ಲೆಕ್ಕ ಸರ್ವರಿಗೇ ಬಂದಿರಲಿಲ್ಲ. ಈ ಮೂರಕ್ಕಾಗಿ ಮತ್ತೆ ಕೇಳಬೇಕೋ ಬೇಡವೋ?

ಇಮ್ತಿಯಾಜ್:

ಅದು ಮರುಯತ್ನ ಅಲ್ಲ, ಕಾಯುವುದು. ಸರ್ವರ್ ಸರಿಯಾಗಿಯೇ ಉತ್ತರ ಕೊಟ್ಟಿದೆ. ಹಳ್ಳಿಯಲ್ಲಿ ನೆಟ್‌ವರ್ಕ್ ಬರುವವರೆಗೆ ನೀವು ಇಲ್ಲಿಂದ ಎಷ್ಟು ಕೇಳಿದರೂ ಅಷ್ಟೇ. 9:46ಕ್ಕೆ ಒಂದು ಸಲ ನೋಡಿ, ಇದ್ದಷ್ಟನ್ನು ಕಳಿಸಿಬಿಡಿ. 118 ಸಂಘದವರನ್ನು ಮೂವರಿಗಾಗಿ ಕಾಯಿಸಬೇಡಿ. ಒಟ್ಟು ಲೀಟರ್ ಪಕ್ಕದಲ್ಲಿ "121ರಲ್ಲಿ 118 ಸಂಘಗಳದ್ದು" ಎಂದು ಬರೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನಿನ್ನೆಗಿಂತ ಶೇಖರಣೆ ಇಳಿಯಿತು ಎಂದು ಮೇಲಿನವರು ಓದುತ್ತಾರೆ.

ಇನ್ನೊಂದು. ಎಷ್ಟು ಸಲ ಕೇಳಿತು, 503 ಬಂತೋ ಇಲ್ಲವೋ ಎಂಬುದೆಲ್ಲ ಲಾಗಿನಲ್ಲಿರಲಿ, ಅಧಿಕಾರಿಗೆ ಬೇಡ. ಅವರಿಗೆ ಯಾವ ಸಂಘ, ಮುಂದಿನ ವರದಿ ಯಾವಾಗ, ಯಾರನ್ನು ಕೇಳಬೇಕು, ಇಷ್ಟು ಸಾಕು.

ನರಹರಿ:

ಮತ್ತೆ ಲಾಗ್! "ನಡೆಬರಹ" ಎನ್ನಬಹುದಲ್ಲ. ನಡೆದದ್ದರ ಬರಹ.

ಬಸವರಾಜ:

ಅದನ್ನ ಓದಾವ್ರು ಪ್ರೋಗ್ರಾಂ ಬರಿಯಾವ್ರು. ಅವರು ಲಾಗ್ ಅಂತಾರ. ಬಿಡ್ರಿ.

ನರಹರಿ:

ಹೀಗೆ ಬಿಟ್ಟು ಬಿಟ್ಟೇ ಇಲ್ಲಿಗೆ ಬಂದಿದ್ದೇವೆ. ಕಂಪ್ಯೂಟರ್ ಬರೆಯುವವರಿಗೆ ಕನ್ನಡ ಬೇಡ, ಓದುವವರಿಗೆ ಮಾತ್ರ ಸಾಕು ಎಂದಾದರೆ, ನಾಳೆ ಬರೆಯುವ ಮಕ್ಕಳು ಕನ್ನಡದಲ್ಲಿ ಯೋಚಿಸುವುದು ಹೇಗೆ? ಇದು ಸಣ್ಣ ವಿಷಯ ಅಲ್ಲ.

ವಿಜಯಾ:

ನರಹರಿಯವರೇ, ಈ ಮಾತನ್ನು ನಾನು ಒಪ್ಪುತ್ತೇನೆ. ಮೊಗಸು ನನಗೂ ಇಷ್ಟ. ಆದರೆ ಸೋಮವಾರ ಬೆಳಿಗ್ಗೆ ಬೈಕಿನ ಮೇಲೆ ಕೂತು ಫೋನ್ ನೋಡುವ ಅಧಿಕಾರಿಯ ಹತ್ತಿರ ಹೊಸ ಪದ ಕಲಿಸಲು ಹೋಗಬೇಡಿ. ಅದಕ್ಕೆ ಬೇರೆ ಜಾಗ ಇದೆ. "ಸಿಗದು" ಎಂದಿರಲ್ಲ, ಅದು ಇಲ್ಲಿಗೆ ತಪ್ಪು. ಸಿಗದು ಎಂದರೆ ಎಂದಿಗೂ ಸಿಗುವುದಿಲ್ಲ ಎಂದಾಗುತ್ತದೆ. ಸಂಜೆಯೊಳಗೆ ಆ ಲೆಕ್ಕ ಬರುತ್ತದೆ.

ಶುಭಾ:

ಎಲ್ಲರಿಗೂ ಧನ್ಯವಾದ. ಸೋಮವಾರ ಹೀಗೆ ಹೋಗುತ್ತದೆ. ಸರದಿ ಮುಗಿದು ಜನ ಸೊನ್ನೆ ಇದ್ದರೆ "ಹಾಲು ಹಾಕಿಲ್ಲ". ಮುಗಿದ ಸಾಲು ಬಂದು ಜನರ ಸಂಖ್ಯೆ ಹೊಂದದಿದ್ದರೆ ಅಂಕಿಯ ಪಕ್ಕ "ಅರೆ ಲೆಕ್ಕ". ಮುಗಿದ ಸಾಲೇ ಇಲ್ಲದಿದ್ದರೆ, ಅಂಕಿಯ ಜಾಗ ಖಾಲಿ ಬಿಟ್ಟು "ಲೆಕ್ಕ ಬಂದಿಲ್ಲ". ಕೆಳಗೆ ಒಂದು ಸಾಲು: "3 ಸಂಘಗಳ ಲೆಕ್ಕ ಇನ್ನೂ ಬಂದಿಲ್ಲ. ಮುಂದಿನ ವರದಿ ಮಧ್ಯಾಹ್ನ 1ಕ್ಕೆ. ಅಲ್ಲಿಯವರೆಗೆ ಒಟ್ಟು ಲೀಟರ್ ಪೂರ್ತಿ ಅಲ್ಲ." ಸಂಜೆಯ ವರದಿಯಲ್ಲೂ ಬಾರದಿದ್ದರೆ "ಬರಲಿಲ್ಲ" ಮಾಡುತ್ತೇನೆ. ಪ್ರೋಗ್ರಾಂ ಒಳಗೆ ಮರುಯತ್ನ, ಲಾಗ್ ಎಂದೇ ಇಡುತ್ತೇನೆ, ನರಹರಿ ಸರ್ ಕ್ಷಮಿಸಬೇಕು.

"ಬರಲಿಲ್ಲ" ಎಂದು ಹಾಕಿದ ಮೇಲೆ ಮರುದಿನ ಲೆಕ್ಕ ಬಂದರೆ ಆ ಹಳೆಯ ವರದಿಯನ್ನು ಮತ್ತೆ ಕಳಿಸಬೇಕಾಗುತ್ತದೆ. ಅದರ ತಲೆಬರಹಕ್ಕೆ "ಪರಿಷ್ಕೃತ ವರದಿ" ಸರಿಯೇ?

ವಿಜಯಾ:

"ತಿದ್ದಿದ ವರದಿ" ಎನ್ನಿ, ಯಾವ ಸಂಘದ್ದು ತಿದ್ದಿದ್ದು ಎಂದೂ ಅಲ್ಲೇ ಬರೆಯಿರಿ.

ನರಹರಿ:

ತಿದ್ದಿದ ಸರಿ. ವರದಿ ಬಗ್ಗೆ ಬೇರೆ ಓಲೆ ಬರೆಯುತ್ತೇನೆ.