ಕಾಲಪ್ರಯಾಣದ ಕಥೆ: ಕಿಂಡಿಯೊಳಗೆ ನುಗ್ಗಿದ ನಾಯಕ ಒನಕೆ ಸಮೇತ ಸಿಕ್ಕಿಹಾಕಿಕೊಂಡಿದ್ದಾನೆ

ದುರ್ಗದ_ಹುಡುಗ:
ನಮಸ್ಕಾರ. ಒಂದು ನೀಳ್ಗತೆ ಬರೀತಿದ್ದೀನಿ, ಹತ್ತೊಂಬತ್ತನೇ ಪುಟದಲ್ಲಿ ಗಾಡಿ ನಿಂತಿದೆ. ಚಿತ್ರದುರ್ಗದ ಕೋಟೆಯಲ್ಲಿ ಗೈಡ್ ಕೆಲಸ ಮಾಡೋ ಹುಡುಗ 2024ರಲ್ಲಿ ಓಬವ್ವನ ಕಿಂಡಿಯೊಳಗೆ ನುಸುಳಿ 1779ಕ್ಕೆ ಹೋಗ್ತಾನೆ. ಹೋಗುವಾಗ ಕೈಯಲ್ಲಿ ಒಂದು ಹಳೇ ಒನಕೆ, ಬಂಡೆ ಸಂದಿನಲ್ಲಿ ಸಿಕ್ಕಿದ್ದು. ಅದನ್ನೇ ಓಬವ್ವನಿಗೆ ಕೊಡ್ತಾನೆ. ಆಮೇಲೆ ಮದಕರಿ ನಾಯಕರಿಗೆ ಹೈದರಾಲಿ ಬಗ್ಗೆ ಎಚ್ಚರಿಕೆ ಕೊಟ್ಟು ಕೋಟೆ ಉಳಿಸ್ತಾನೆ.

ಓದಿದ ಗೆಳೆಯ ಮೂರು ಪ್ರಶ್ನೆ ಹಾಕಿದ. ಕೋಟೆ ಬೀಳಲೇ ಇಲ್ಲ ಅಂದ್ರೆ ಉಳಿಸೋಕೆ ಇವನು ಯಾಕೆ ಹೋದ? ಓಬವ್ವ ಬಿಟ್ಟ ಒನಕೆಯೇ ಇವನಿಗೆ ಸಿಕ್ಕಿದ್ದಾದ್ರೆ ಅದನ್ನ ಕಡೆದ ಬಡಗಿ ಯಾರು? ಒಂದು ಸಲ ಸೋತರೆ ಮತ್ತೆ ಒಂದು ದಿನ ಮುಂಚೆ ಹೋಗಬಹುದಲ್ಲ? ಮೂರಕ್ಕೂ ನನ್ನ ಹತ್ರ ಉತ್ತರ ಇಲ್ಲ.

ಬೆಣ್ಣೆದೋಸೆ_ದಾವಣಗೆರೆ:
ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ್ರಿ. ಬೇರೆ ಲೋಕ ಅಂತ ಮಾಡಿಬಿಡ್ರಿ. ಅವನು ಹೋದ ಕ್ಷಣಕ್ಕೇ ಕಾಲ ಎರಡು ಕವಲಾಯ್ತು, ಆ ಕವಲಲ್ಲಿ ದುರ್ಗ ಉಳೀತು. ಮೂರೂ ಪ್ರಶ್ನೆ ಸಾಫ್.

ಹೊಳಲ್ಕೆರೆ_ಮೇಷ್ಟ್ರು:
ಮೊದಲ ಪ್ರಶ್ನೆಗೆ ಮಾತ್ರ ಅದು ಉತ್ತರ, ದೋಸೆಯವರೇ. ಕವಲಾದರೆ ಇವನು ಹುಟ್ಟಿ ಬೆಳೆದ ಲೋಕದಲ್ಲಿ ಕೋಟೆ ಬಿದ್ದೇ ಇದೆ, ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋಗಿಯೇ ಇದ್ದಾನೆ. ಇವನು ಉಳಿಸಿದ್ದು ಬೇರೆ ಯಾರದೋ ಊರನ್ನು. ಅದನ್ನೇ ಸಂಕಟವಾಗಿ ಬರೆಯುವುದಾದರೆ ಒಳ್ಳೆಯ ಕಥೆ. ಗೆಲುವು ಅಂತ ಬರೆದರೆ ಓದುಗ ಒಪ್ಪುವುದಿಲ್ಲ. ವಾಪಸ್ ಬರುವಾಗ ಯಾವ ಕವಲಿಗೆ ಬರುತ್ತಾನೆ ಎನ್ನುವುದಕ್ಕೆ ಇನ್ನೊಂದು ನಿಯಮ ಬೇರೆ ಬೇಕು.

ಹುಡುಗನಿಗೆ ಒಂದು ಮಾತು. ಓಬವ್ವನ ಪ್ರಸಂಗ ಕೋಟೆ ಬಿದ್ದ 1779ರದ್ದಲ್ಲ, ಅದಕ್ಕೆ ಮುಂಚಿನ ಮುತ್ತಿಗೆಯದು. ಓಬವ್ವನ ಭೇಟಿಯನ್ನೂ ಕೋಟೆ ಬೀಳುವುದನ್ನೂ ಒಂದೇ ವಾರದಲ್ಲಿ ತರಲು ಬರುವುದಿಲ್ಲ.

ಮಂಡಕ್ಕಿ_ಮಿರ್ಚಿ:
ನಂದೂ ಇದೇ ಗೋಳು ಸರ್! ನಮ್ಮ ಓಣಿ ಗಣಪತಿ ಹಬ್ಬಕ್ಕೆ ಒಂದು ನಗೆನಾಟಕ ಮಾಡಿದ್ವಿ. ಹೋಟೆಲ್ ಭಟ್ಟ ದೋಸೆ ಹೊತ್ತಿಸ್ತಾನೆ, ಹತ್ತು ನಿಮಿಷ ಹಿಂದಕ್ಕೆ ಹೋಗಿ ಸರಿ ಮಾಡೋಕೆ ನೋಡ್ತಾನೆ, ಅಲ್ಲಿ ಚಟ್ನಿ ಚೆಲ್ತಾನೆ. ಅಷ್ಟಕ್ಕೇ ಮುಂದೆ ಕೂತಿದ್ದ ಒಂದು ಹುಡುಗ ಕೂಗಿಬಿಟ್ಟ: "ಇನ್ನೊಂದ್ ಸಲ ಹೋಗಲೋ!" ಜನ ಬಿದ್ದು ಬಿದ್ದು ನಕ್ಕರು, ಆದ್ರೆ ನಾಟಕ ಅಲ್ಲೇ ಸತ್ತೋಯ್ತು. ಆಮೇಲೆ ಭಟ್ಟನಿಗೆ ಏನಾದ್ರೂ ಆದ್ರೂ ಯಾರಿಗೂ ಆತಂಕನೇ ಇಲ್ಲ.

ಹೊಳಲ್ಕೆರೆ_ಮೇಷ್ಟ್ರು:
ಆ ಹುಡುಗ ಸರಿಯಾಗಿಯೇ ಹಿಡಿದ. ಎಷ್ಟು ಸಲ ಬೇಕಾದರೂ, ಎಲ್ಲಿಗೆ ಬೇಕಾದರೂ ಹೋಗಬಹುದಾದರೆ ಸೋಲು ಎನ್ನುವುದೇ ಇರುವುದಿಲ್ಲ. ಇದಕ್ಕೆ ನಾನು ಬಳಸುವ ಉಪಾಯ ಒಂದಿದೆ. ಕಿಂಡಿಗೆ ಇಸವಿ ಆರಿಸುವ ಶಕ್ತಿ ಕೊಡಬೇಡಿ, ಅಂತರ ಮಾತ್ರ ಕೊಡಿ. ಆ ಕಡೆ ಯಾವಾಗಲೂ ಸರಿಯಾಗಿ 245 ವರ್ಷ ಹಿಂದೆ, ಅಷ್ಟೇ. 2024ರ ಮಾರ್ಚ್ 3ರ ಬೆಳಿಗ್ಗೆ ನುಸುಳಿದರೆ 1779ರ ಮಾರ್ಚ್ 3ರ ಬೆಳಿಗ್ಗೆ. ಇಲ್ಲಿ ಎರಡು ದಿನ ಜ್ವರ ಬಂದು ಮಲಗಿದರೆ ಅಲ್ಲಿಯೂ ಎರಡು ದಿನ ಕಳೆದುಹೋಯಿತು. ತಪ್ಪಿದ ಗಳಿಗೆ ತಪ್ಪಿತು, ಮತ್ತೆ ಹೋಗಿ ಹಿಡಿಯಲು ಬರುವುದಿಲ್ಲ. ತನ್ನನ್ನು ತಾನೇ ಎದುರಾಗುವ ಗೊಂದಲವೂ ಇರುವುದಿಲ್ಲ. ಗೆಳೆಯನ ಮೂರನೇ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಈ ನಿಯಮವನ್ನು ಮೊದಲ ಎರಡು ಮೂರು ಪುಟದಲ್ಲೇ ಓದುಗನಿಗೆ ಕಾಣಿಸಿ. ನಾಯಕ ಕಷ್ಟದಲ್ಲಿದ್ದಾಗ ಹೇಳಿದರೆ ಲೇಖಕ ಆಗಷ್ಟೇ ಹುಟ್ಟಿಸಿದ ಹಾಗಿರುತ್ತದೆ.

ದುರ್ಗದ_ಹುಡುಗ:
ಮೇಷ್ಟ್ರೇ, ಇದು ಚೆನ್ನಾಗಿದೆ. ಆದರೆ ಕೋಟೆ ಉಳಿಸೋ ವಿಷಯ? ಅಂತರ ಕಟ್ಟಿದ ಮೇಲೂ ಅವನು ಅಲ್ಲಿ ಹೋಗಿ ಇತಿಹಾಸ ಬದಲಿಸಬಹುದಲ್ಲ?

ಹೊಳಲ್ಕೆರೆ_ಮೇಷ್ಟ್ರು:
ಬದಲಿಸಬಹುದು, ಅದನ್ನು ತಡೆಯಲು ಎರಡನೇ ನಿಯಮ ಬೇಕು. ಆದದ್ದು ಆಗಿದೆ, ಅವನು ಅಲ್ಲಿ ಮಾಡಿದ್ದೂ ಆ ಆದದ್ದರ ಒಳಗೇ ಇತ್ತು. ನೋವಿಕೋವ್ ಎಂಬ ರಷ್ಯದ ಭೌತವಿಜ್ಞಾನಿ 1980ರ ದಶಕದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ: ತನ್ನನ್ನು ತಾನೇ ಸುಳ್ಳು ಮಾಡುವ ಘಟನೆ ನಡೆಯುವುದೇ ಇಲ್ಲ. ಹಾಗಾದರೆ ಕುತೂಹಲ ಎಲ್ಲಿ ಅಂತ ಕೇಳಬೇಡಿ. ಕೋಟೆ ಬೀಳುತ್ತದೆ ಅಂತ ಚಿತ್ರದುರ್ಗದ ಮಗುವಿಗೂ ಗೊತ್ತು. ಆ ದಿನ ಬತೇರಿ ಮೇಲೆ ನಿಂತ ಹೆಸರಿಲ್ಲದ ಕಾವಲುಗಾರ ಬದುಕಿದನೇ, ಅವನ ಮಗಳು ಎಲ್ಲಿಗೆ ಓಡಿದಳು, ಇದು ಯಾರಿಗೂ ಗೊತ್ತಿಲ್ಲ. ಅಲ್ಲಿ ನಿಮ್ಮ ನಾಯಕ ಏನು ಬೇಕಾದರೂ ಮಾಡಲಿ, ಯಾವ ದಾಖಲೆಯೂ ತಡೆಯುವುದಿಲ್ಲ.

ಇನ್ನು ಒನಕೆ. ಅದರದ್ದು ಬಡಗಿ ಯಾರು ಎನ್ನುವುದಕ್ಕಿಂತ ದೊಡ್ಡ ತೊಂದರೆ. ಪ್ರತಿ ಸುತ್ತಿಗೆ ಅದು 245 ವರ್ಷ ಹಳೆಯದಾಗುತ್ತದೆ, ಆದರೆ ಸುತ್ತು ಶುರುವಾಗುವಾಗ ಮೊದಲಿನಷ್ಟೇ ಹಳೆಯದಿರಬೇಕು. ಮರ ಹಾಗೆ ಇರುವುದಿಲ್ಲ.

ಹಿರಿಯೂರು_ಅಕ್ಕ:
ನಡುವೆ ಮಾತಾಡ್ತೀನಿ. ಬಂಡೆ ಸಂದಿಯಲ್ಲಿ ಅಷ್ಟು ವರ್ಷ ಒನಕೆ ಉಳಿಯಲ್ಲ ತಮ್ಮಾ, ಗೆದ್ದಲು ಒಂದೆರಡು ಮಳೆಗಾಲದಲ್ಲೇ ಮುಗಿಸುತ್ತೆ. ಯಾರದಾದ್ರೂ ಹಳೇ ಮನೆ ಅಟ್ಟದ ಮೇಲೆ ಹೊಗೆ ಹಿಡಿದು ಬಿದ್ದಿತ್ತು ಅಂತ ಬರಿ.

ಮತ್ತೆ ಅವನು ತಗೊಂಡು ಹೋಗೋದು ಆ ಹಳೇ ಒನಕೆ ಆಗದೇ ಇರಲಿ. ದಾವಣಗೆರೆಯಲ್ಲಿರೋ ಅವನ ಅಜ್ಜಿ ಒನಕೆ ಆಗಲಿ. ಬಡಗಿ ಅದನ್ನ 1962ರಲ್ಲಿ ಮಾಡಿಕೊಟ್ಟ, ತುದಿಗೆ ಕಬ್ಬಿಣದ ಬಳೆ, ಹಿಡಿಯೋ ಜಾಗದ ಮೇಲೆ ಕೊಡಲಿ ತಾಗಿದ ಒಂದು ಕಚ್ಚು. 2024ರಲ್ಲಿ ಅದು ಹಿಂದಕ್ಕೆ ಹೋಯ್ತು, ದುರ್ಗದ ಒಂದು ಮನೇಲಿ ಉಳೀತು, 245 ವರ್ಷ ಅಟ್ಟದಲ್ಲಿತ್ತು. ಅಂದ್ರೆ 1962ರಿಂದ 2024ರ ತನಕ ಒಂದೇ ಒನಕೆ ಎರಡು ಕಡೆ ಇತ್ತು, ಹೊಸದು ಅಜ್ಜಿ ಮನೇಲಿ, ಹಳೇದು ಅಟ್ಟದಲ್ಲಿ. ಎರಡರಲ್ಲೂ ಅದೇ ಜಾಗದಲ್ಲಿ ಅದೇ ಕಚ್ಚು. ಹುಟ್ಟೂ ಇದೆ, ಸವೆತಕ್ಕೂ ಲೆಕ್ಕ ಇದೆ.

ಬೆಣ್ಣೆದೋಸೆ_ದಾವಣಗೆರೆ:
ಅಕ್ಕ, ಸೂಪರ್. ಆದ್ರೆ ಹೋಗೋಕೆ ಮುಂಚೆನೇ ಅಟ್ಟದ ಒನಕೆ ನೋಡಿ ಕಚ್ಚು ಗುರುತು ಹಿಡಿದ ಅಂದ್ಕೊಳ್ರಿ. "ನೋಡೇಬಿಡ್ತೀನಿ" ಅಂತ ಅಜ್ಜಿ ಒನಕೆ ಒಲೆಗೆ ಹಾಕಿದ್ರೆ?

ಹೊಳಲ್ಕೆರೆ_ಮೇಷ್ಟ್ರು:
ಈಗ ಕೇಳಿದಿರಿ ನೋಡಿ. ಇಂಥ ಕಥೆಗಳು ಒಡೆಯುವುದೇ ಅಲ್ಲಿ. ಸುತ್ತಿನ ವಿಷಯ ಪಾತ್ರಕ್ಕೆ ಮುಂಚೆಯೇ ತಿಳಿದರೆ ಅದನ್ನು ಮುರಿಯಲು ಕಾರಣ ಸಿಗುತ್ತದೆ. ಆಗ ಪ್ರತಿ ಸಲ ಬೆಂಕಿ ಆರಿಸಲು ಲೇಖಕನೇ ಮಳೆ ಸುರಿಸುತ್ತಾ ಕೂರಬೇಕು. ಅದಕ್ಕೇ ಮೂರನೇ ಪುಟದಲ್ಲಿ ಅಟ್ಟದ ಒನಕೆಯ ಕಚ್ಚು ಓದುಗನ ಕಣ್ಣಿಗೆ ಬೀಳಲಿ, ನಾಯಕ ಅದರ ಮೇಲೆ ಅಂಗಿ ನೇತುಹಾಕಿ ಹೋಗಲಿ. ಅವನಿಗೆ ಹೊಳೆಯುವುದು ವಾಪಸ್ ಬಂದ ಮೇಲೆ.

ಹಾಳೆಯಲ್ಲಿ ಎರಡು ಕಂಬ ಮಾಡಿಕೊಳ್ಳಿ. ಒಂದರಲ್ಲಿ ಲೋಕದ ಇಸವಿಯ ಕ್ರಮ, ಇನ್ನೊಂದರಲ್ಲಿ ನಾಯಕ ಅನುಭವಿಸಿದ ಕ್ರಮ. ಒನಕೆಗೂ ಬೇರೆ ಒಂದು ಕಂಬ. ಪ್ರತಿ ದೃಶ್ಯದ ಪಕ್ಕ "ಈಗ ಇವನಿಗೆ ಏನು ಗೊತ್ತು" ಅಂತ ಒಂದು ಸಾಲು. ತೂತು ಇದ್ದರೆ ಆ ಸಾಲಿನಲ್ಲೇ ಕಾಣುತ್ತದೆ.

ಮಂಡಕ್ಕಿ_ಮಿರ್ಚಿ:
ಹಂಗಾದ್ರೆ ಒನಕೆ ಬದಲು ಚೀಟಿ ಆದ್ರೆ? ಅವನ ಅಕ್ಷರದಲ್ಲೇ ಇರೋ ಚೀಟಿ ಅಟ್ಟದಲ್ಲಿ ಸಿಗುತ್ತೆ, ಓದಿ ಬಾಯಿಪಾಠ ಮಾಡಿ ಅಲ್ಲಿ ಹೋಗಿ ಹಂಗೇ ಬರೀತಾನೆ. ಚೀಟಿ ಹೊಸದು, ಸವೆಯೋ ಮಾತಿಲ್ಲ.

ಹೊಳಲ್ಕೆರೆ_ಮೇಷ್ಟ್ರು:
ತರ್ಕಕ್ಕೆ ತಪ್ಪಿಲ್ಲ. ಆದರೆ ಆ ಮಾತನ್ನು ಯೋಚಿಸಿದವರು ಯಾರೂ ಇಲ್ಲ. ನನಗದು ಮೋಸ.

ಹಿರಿಯೂರು_ಅಕ್ಕ:
ನನಗೆ ಅದೇ ಇಷ್ಟ. ಎಲ್ಲಕ್ಕೂ ಬಡಗಿ ಯಾಕೆ ಬೇಕು ಮೇಷ್ಟ್ರೇ?

ದುರ್ಗದ_ಹುಡುಗ:
ಎಲ್ಲರಿಗೂ ಧನ್ಯವಾದ. ಚೀಟಿ ತಂಟೆಗೆ ಹೋಗಲ್ಲ. ಅಂತರ 245 ಅಂತಲೇ ಇಟ್ಟೆ, ಓಬವ್ವನ ಭೇಟಿ ತೆಗೆದೆ. ಹೊಟ್ಟೆ ಉರೀತು, ಆದರೆ ಕಾವಲುಗಾರನ ಮಗಳಿಗೆ ಓಬವ್ವನ ಕಥೆ ಹೇಳೋ ಒಬ್ಬ ಮುದುಕಿ ಬಂದಳು, ಒನಕೆ ಆ ಮುದುಕಿ ಮನೆ ಸೇರುತ್ತೆ. ನಿನ್ನೆ ನಮ್ಮ ಅಜ್ಜಿಗೆ ಪೂರ್ತಿ ಕಥೆ ಹೇಳಿದೆ. ಎಲ್ಲ ಕೇಳಿ ಆದ ಮೇಲೆ ಒಂದೇ ಕೇಳಿದ್ಲು: "ಕಡೆಗೆ ಆ ಅಜ್ಜಿ ಒನಕೆ ಅಜ್ಜಿಗೆ ವಾಪಸ್ ಕೊಡ್ತಾನೋ ಇಲ್ವೋ?"