ಈಜಿಪ್ಟಿನ ಆಡುಮಾತಿನಿಂದ ಪತ್ರದ ಅರಬಿಗೆ

ಪ್ರಶ್ನೆ: ರಿಯಾದ್‌ನಲ್ಲಿ ಕಟ್ಟಡ ಗುತ್ತಿಗೆಯ ಆಫೀಸಲ್ಲಿದ್ದೇನೆ. ಅರಬಿ ಕಲಿತದ್ದು ಈಜಿಪ್ಟಿನ ಸಹೋದ್ಯೋಗಿಗಳಿಂದ. "ಕೆಲಸದವರು ನಾಳೆ ಬರುವುದಿಲ್ಲ, ನಿನ್ನೆಯೂ ಬರಲಿಲ್ಲ" ಅನ್ನೋದಕ್ಕೆ ನಾವು ಹೇಳೋದು "ಇಲ್ ಉಮ್ಮಾಲ್ ಮಿಶ್ ಹಯೀಗು ಬುಕ್ರಾ, ವ ಮಾ ಗೂಶ್ ಇಂಬಾರಿಹ್". ಪತ್ರದಲ್ಲಿ ಅದನ್ನು "ಅಲ್ ಉಮ್ಮಾಲ್ ಲಾ ಸಯಅತೂನ ಗದನ್, ವ ಲಮ್ ಯಅತೂನ ಅಮ್ಸಿ" ಎಂದು ತಿದ್ದಿದೆ. ಮ್ಯಾನೇಜರ್ ಎರಡೂ ಕ್ರಿಯಾಪದಕ್ಕೆ ಗೆರೆ ಎಳೆದು ವಾಪಸ್ ಕೊಟ್ಟರು. ತಪ್ಪೇನು?

ಒಬ್ಬ ಸದಸ್ಯ: ಸುಲಭ. "ಮಿಶ್" ತೆಗೆದು "ಲಾ" ಹಾಕಿ, "ಹ" ತೆಗೆದು "ಸ" ಹಾಕಿ. ಮುಗೀತು.

ಅನುವಾದಕಿ: ಅವರು ಮಾಡಿದ್ದೂ ಅದನ್ನೇ ಅಲ್ವಾ ಸರ್! "ಹ" ಜಾಗಕ್ಕೆ "ಸ" ಬರೋದು ಸರಿ, ಆದರೆ "ಬರುತ್ತಾರೆ" ಅನ್ನುವಾಗ ಮಾತ್ರ. "ಬರುವುದಿಲ್ಲ" ಅನ್ನಲು "ಲನ್" ಬೇಕು. ಭವಿಷ್ಯತ್ಕಾಲ, "ಇಲ್ಲ" ಎಂಬ ಅರ್ಥ ಎರಡೂ ಅದರೊಳಗೇ ಇವೆ. ಹಾಗಾಗಿ "ಲಾ", "ಸ" ಎರಡೂ ಹೋಗುತ್ತವೆ.

ಇನ್ನೊಂದು ತಪ್ಪು ಬಾಲದಲ್ಲಿದೆ. "ಲನ್", "ಲಮ್" ಆದಮೇಲೆ "ಯಅತೂನ"ದ ಕೊನೆಯ ನೂನ್ ಬಿದ್ದು "ಯಅತೂ" ಆಗುತ್ತದೆ. ಬರೆಯುವಾಗ ವಾವ್ ಆದಮೇಲೆ ಉಚ್ಚಾರವಿಲ್ಲದ ಒಂದು ಅಲಿಫ್ ಬರುತ್ತದೆ. ಕೈರೋದವರ ಮಾತಿನಲ್ಲಿ ಈ ನೂನ್ ಇಲ್ಲವೇ ಇಲ್ಲ. ಬರವಣಿಗೆಯಲ್ಲಿ ಇರಬೇಕು ಅಂತ ಗೊತ್ತಿರುವುದರಿಂದ ಹೆದರಿಕೊಂಡು ಎಲ್ಲ ಕಡೆ ಸೇರಿಸುತ್ತಾರೆ. ಕೊಲ್ಲಿಯವರ, ಇರಾಕಿನವರ ಮಾತಿನಲ್ಲಿ ನೂನ್ ಉಳಿದಿದೆ, ಅವರು ಅಭ್ಯಾಸಬಲದಿಂದ ಅದನ್ನು ಹಾಗೇ ಉಳಿಸಿಬಿಡುತ್ತಾರೆ. ಕಾರಣ ಬೇರೆ, ತಪ್ಪು ಒಂದೇ. ಪತ್ರ ಕಳಿಸುವ ಮುಂಚೆ ಪ್ರತಿ "ಲಮ್", "ಲನ್" ಹುಡುಕಿ, ಮುಂದಿನ ಕ್ರಿಯಾಪದದ ಬಾಲ ನೋಡಿ.

ಭಟ್ಕಳದ ಸದಸ್ಯ: ನನ್ನದು ಉಲ್ಟಾ ಕಥೆ. ಮದ್ರಸಾದಲ್ಲಿ ವ್ಯಾಕರಣ ಚೆನ್ನಾಗಿ ಕಲಿತೆ, ಅಂಗಡಿಯವನ ಮಾತು ಮಾತ್ರ ಅರ್ಥವಾಗಲ್ಲ. ಏನ್ ಮಾಡ್ಲಿ?

ಅನುವಾದಕಿ: ಅದು ಬೇರೆ ಪ್ರಶ್ನೆ ಅಣ್ಣ, ಪ್ರತ್ಯೇಕವಾಗಿ ಹಾಕಿ.

ಪ್ರಶ್ನೆ ಕೇಳಿದವರು: ಹಾಗಾದ್ರೆ "ಲನ್ ಯಅತೂ ಅಲ್ ಉಮ್ಮಾಲ್ ಗದನ್" ಸರಿನಾ ಮೇಡಂ? ಪತ್ರಗಳಲ್ಲಿ ಕ್ರಿಯಾಪದ ಮೊದಲು ಬರುತ್ತದಲ್ಲ.

ಅನುವಾದಕಿ: ಅಲ್ಲೇ ಆಡುಮಾತು ಮತ್ತೆ ನುಸುಳಿತು ನೋಡಿ. ಕರ್ತೃ ಕ್ರಿಯಾಪದದ ನಂತರ ಬಂದರೆ ಕ್ರಿಯಾಪದ ಏಕವಚನ. ಎರಡನೇ ಭಾಗದಲ್ಲಿ ಕೆಲಸದವರ ಹೆಸರು ಆಗಲೇ ಬಂದಿದೆ, ಅಲ್ಲಿ ಬಹುವಚನ:

"ಲನ್ ಯಅತಿಯಲ್ ಉಮ್ಮಾಲು ಗದನ್, ವ ಲಮ್ ಯಅತೂ ಅಮ್ಸಿ."

"ನಿನ್ನೆ ಕೆಲಸದವರು ಬರಲಿಲ್ಲ" ಅಂತ ಬೇರೆಯೇ ವಾಕ್ಯ ಮಾಡಿದರೆ "ಲಮ್ ಯಅತಿಲ್ ಉಮ್ಮಾಲು". ಅಲ್ಲಿ ಕೊನೆಯ ಯಾ ಅಕ್ಷರವೂ ಬೀಳುತ್ತದೆ.

ಇನ್ನೊಬ್ಬ ಸದಸ್ಯೆ: ಸೈಟ್ ಮೇಸ್ತ್ರಿಯ ಹೇಳಿಕೆಯನ್ನು ವರದಿಯಲ್ಲಿ ಹಾಕುವಾಗಲೂ ತಿದ್ದಬೇಕಾ?

ಅನುವಾದಕಿ: ನಾನು ತಿದ್ದಿ, "ಅವರು ಹೀಗೆ ತಿಳಿಸಿದರು" ಎಂದು ಬರೆಯುತ್ತೇನೆ.

ಮೊದಲ ಸದಸ್ಯ: ಜಗಳ ಕೋರ್ಟಿಗೆ ಹೋದರೆ? ಅವನ ಮಾತು ಅವನ ಬಾಯಲ್ಲಿ ಬಂದ ಹಾಗೇ ಇರಬೇಕು.

ಅನುವಾದಕಿ: ಅದೂ ಹೌದು. ಹಾಗಿದ್ದರೆ ಉದ್ಧರಣ ಚಿಹ್ನೆಯೊಳಗೆ ಇಡಿ. ಆದರೆ ಮ್ಯಾನೇಜರನ್ನು ಮೊದಲೇ ಕೇಳಿಕೊಳ್ಳಿ, ಕೆಲವರು ಅದನ್ನೂ ಗೆರೆ ಎಳೆದು ಕಳಿಸುತ್ತಾರೆ.